ತಂಗಿಯ ಮದುವೆಗೆ ಅಥಣಿ ಚಪ್ಪಲಿ

ಎರಡು ವರ್ಷದ ಹಿಂದೆ ಗೆಳೆಯನ ಮದುವೆಗೆ ಹೊಸ ಕೊಲ್ಹಾಪುರಿ ಹಾಕಿಕೊಂಡು ಹೋಗಿದ್ದೆ. ಹಿಂದಿನ ದಿನ ಸಂಜೆ ಕೊಂಡಿದ್ದು. ಅಂಗಡಿಯಲ್ಲಿ ಸ್ಟೂಲ್ ಮೇಲೆ ಕೂತು ಕಾಲು ತೂರಿಸಿದೆ, ಚೆಂದ ಕಾಣಿಸಿತು, ದುಡ್ಡು ಕೊಟ್ಟು ಬಂದೆ. ಮರುದಿನ ಹನ್ನೊಂದು ಗಂಟೆಗೆಲ್ಲಾ ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ. ಅಕ್ಷತೆ ಬೀಳುವ ಹೊತ್ತಿಗೆ ಅದು ಒಡೆದಿತ್ತು. ಸಂಜೆಯ ಫೋಟೋಗಳಲ್ಲಿ ನಾನು ಜರಿ ಧೋತರ, ರೇಷ್ಮೆ ಜುಬ್ಬಾ, ಮತ್ತು ಯಾರದೋ ನೀಲಿ ಹವಾಯಿ ಚಪ್ಪಲಿಯಲ್ಲಿ ನಿಂತಿದ್ದೇನೆ. ಆ ಫೋಟೋ ಇವತ್ತಿಗೂ ಗೆಳೆಯರ ಗುಂಪಿನಲ್ಲಿ ಓಡಾಡುತ್ತಿರುತ್ತದೆ.

ಹಾಗಾಗಿ ಈ ವರ್ಷ ತಂಗಿಯ ಮದುವೆ ಗೊತ್ತಾದಾಗ ಬಟ್ಟೆಗಿಂತ ಮೊದಲು ನಾನು ಯೋಚಿಸಿದ್ದು ಕಾಲಿಗೆ. ಹೆಣ್ಣಿನ ಅಣ್ಣ ಅಂದ ಮೇಲೆ ಕೂರೋಕೆ ಸಿಗುವುದಿಲ್ಲ. ಬೆಳಗಿನ ಐದರಿಂದ ರಾತ್ರಿ ಬೀಗರ ಬಸ್ಸು ಹೊರಡುವವರೆಗೆ ಕಾಲ ಮೇಲೇ ಇರಬೇಕು. ಈ ಸಲ ಅಂಗಡಿ ಬೇಡ, ಮಾಡುವವರ ಹತ್ತಿರವೇ ಹೋಗೋಣ ಅಂದುಕೊಂಡೆ. ಮದುವೆಗೆ ಇಪ್ಪತ್ತೈದು ದಿನ ಇರುವಾಗ ಧಾರವಾಡದಿಂದ ಬೆಳಗಾವಿ, ಚಿಕ್ಕೋಡಿ ದಾಟಿ ಅಥಣಿಗೆ ಹೋದೆ.

ಕೊಲ್ಹಾಪುರಿಗೆ ಅಥಣಿಗೆ ಯಾಕೆ ಅಂತ ಮನೆಯಲ್ಲಿ ಕೇಳಿದರು. ಹೆಸರು ಕೊಲ್ಹಾಪುರದ್ದು, ನಿಜ. ಆದರೆ ಆ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿ ನಮ್ಮ ಅಥಣಿ, ನಿಪ್ಪಾಣಿ ಕಡೆ ತಲೆತಲಾಂತರದಿಂದ ತಯಾರಾಗುತ್ತಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗಲೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳನ್ನೂ ಸೇರಿಸಿದರು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಂದರೆ ನಾನು ದೂರವೇನೂ ಹೋಗಿರಲಿಲ್ಲ.

ಪರಿಚಯದವರು ಹೇಳಿದ್ದ ಮನೆ ಹುಡುಕಿದೆ. ಪಡಸಾಲೆಯಲ್ಲೇ ಕೆಲಸ. ಒಂದು ಕಡೆ ಕಾಕಾ ಕಲ್ಲಿನ ಮೇಲೆ ಚರ್ಮ ಇಟ್ಟು ಬಡಿಯುತ್ತಿದ್ದರು. ಇನ್ನೊಂದು ಕಡೆ ಕಾಕೂ ತೆಳ್ಳನೆಯ ಚರ್ಮದ ಎಳೆಗಳನ್ನು ಜಡೆಯ ಹಾಗೆ ಹೆಣೆಯುತ್ತಿದ್ದರು.

"ಬರ್ರಿ, ಕುಂದರ್ರಿ. ಯಾವಾಗ ಐತಿ ಮದವಿ?" ಅಂದರು ಕಾಕಾ.

"ಇನ್ನ ಇಪ್ಪತ್ತೈದ ದಿನ ಐತ್ರಿ."

"ಹಂಗಾದ್ರ ಛಲೋ ಆತು. ನಾಳೆ ಐತಿ ಅಂದಿದ್ರ ಮೆತ್ತಂದು ಯಾವುದರ ಅಂಗಡ್ಯಾಗ ತಗೋರಿ ಅಂತಿದ್ದೆ."

ಹಳೆಯ ಜೋಡಿಯನ್ನು ಚೀಲದಲ್ಲಿ ತಂದಿದ್ದೆ. ಎಲ್ಲಿ ಕಚ್ಚಿತು ಅಂತ ತೋರಿಸುವುದಕ್ಕೆ. ಕಾಕಾ ಅದನ್ನು ತಿರುಗಿಸಿ ಮೊದಲು ನೋಡಿದ್ದು ಮೇಲಿನ ಪಟ್ಟಿಯನ್ನಲ್ಲ, ಅಟ್ಟೆಯ ಅಂಚನ್ನು. ಅಂಚಿಗೆ ದಪ್ಪಗೆ ಕಂದು ಬಣ್ಣ ಬಳಿದಿತ್ತು. ಉಗುರಿನಿಂದ ಒತ್ತಿದರು. "ಕೊಯ್ಯಲೇನ್ರಿ?" ಅಂದರು. ಹೂಂ ಅಂದೆ. ಹಿಮ್ಮಡಿಯ ಹತ್ತಿರ ಚಾಕುವಿನಿಂದ ಒಂದು ಗೀಟು ಎಳೆದರು. ಮೇಲೆ ಒಂದು ಪದರ ತೆಳ್ಳನೆಯ ಚರ್ಮ, ಕೆಳಗೆ ಒಂದು ಪದರ. ನಡುವೆ ಬೂದು ಬಣ್ಣದ ರಟ್ಟು! ನೋಟ್‌ಬುಕ್ಕಿನ ಹಿಂದೆ ಇರುತ್ತದಲ್ಲ, ಅದೇ ತರಹದ್ದು. ಬೆವರಿಗೆ, ನೀರಿಗೆ ಅದು ಉಬ್ಬಿ ಪುಡಿಪುಡಿಯಾಗಿತ್ತು.

ಆಮೇಲೆ ತಮ್ಮ ಒಂದು ಅಟ್ಟೆಯನ್ನು ಕೈಗೆ ಕೊಟ್ಟರು. ಎಮ್ಮೆಯ ಚರ್ಮ. ಅಂಚಿಗೆ ಬಣ್ಣವಿರಲಿಲ್ಲ. ಪದರ ಪದರವಾಗಿ ಕಾಣುತ್ತಿತ್ತು, ಪ್ರತಿ ಪದರದಲ್ಲೂ ಸಣ್ಣ ಸಣ್ಣ ನಾರು. ಉಗುರು ಒತ್ತಿದರೆ ಗುರುತು ಬೀಳಲೇ ಇಲ್ಲ. ಮೂಸಿ ನೋಡಿದೆ. ಅಂಟಿನ ವಾಸನೆ ಇಲ್ಲ, ಒಗರೊಗರಾದ ತೊಗಟೆಯ ವಾಸನೆ. ಈ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಆ ವಾಸನೆ ಎಷ್ಟೋ ದಿನ ಹೋಗುವುದಿಲ್ಲ. ಅಂಚಿಗೆ ಬಣ್ಣ ಬಳಿದದ್ದೆಲ್ಲಾ ಮೋಸ ಅಂತಲ್ಲ. ಆದರೆ ಪದರ ಕಾಣದ ಹಾಗೆ ಬಳಿದಿದ್ದರೆ ನಾನಂತೂ ಇನ್ನು ಕೊಳ್ಳುವುದಿಲ್ಲ.

ಇನ್ನೊಂದು ಪರೀಕ್ಷೆ ತೋರಿಸಿದರು. ಚಪ್ಪಲಿಯನ್ನು ನಾವು ಸಾಮಾನ್ಯವಾಗಿ ನಟ್ಟನಡುವೆ ಹಿಡಿದು ಬಗ್ಗಿಸಿ ನೋಡುತ್ತೇವೆ. ಕಾಲು ಬಗ್ಗುವುದು ಅಲ್ಲಿ ಅಲ್ಲ, ಬೆರಳುಗಳ ಬುಡದಲ್ಲಿ. ಅಲ್ಲೇ ಬಗ್ಗಿಸಬೇಕು. ಬಗ್ಗಿಸಿದಾಗ ಅಂಚಿನಲ್ಲಿ ಪದರಗಳು ಬಾಯಿ ಬಿಟ್ಟರೆ ಅದನ್ನು ಬರೀ ಅಂಟಿಸಿದ್ದಾರೆ ಅಂತ ಅರ್ಥ. ಸುಕ್ಕಿನ ಜಾಗದಲ್ಲಿ ಬಿಳಿ ಗೆರೆಗಳು ಎದ್ದು ಹಾಗೇ ಉಳಿದರೆ ಚರ್ಮ ಒಣಗಿದೆ, ಮುಂದೆ ಅಲ್ಲೇ ಸೀಳುತ್ತದೆ. ಅವರ ಅಟ್ಟೆ ಬಗ್ಗಲು ಒಪ್ಪದ ಹುಡುಗನ ಹಾಗೆ ಗಟ್ಟಿಯಾಗಿತ್ತು. ಆದರೆ ಬಗ್ಗಿತು, ಬಿಟ್ಟ ಕೂಡಲೇ ನೆಟ್ಟಗಾಯಿತು. ತಳದಲ್ಲಿ ಮೊಳೆ ಇರಲಿಲ್ಲ, ಸುತ್ತಲೂ ಹೊಲಿಗೆ.

"ಇಷ್ಟ ಗಟ್ಟಿ ಇದ್ರ ಇಡೀ ದಿನ ಹಾಕ್ಕೊಳ್ಳೂದ ಹೆಂಗ್ರಿ ಕಾಕಾ?" ಅಂದೆ.

ಅದಕ್ಕೆ ಕಾಕೂ ನಕ್ಕರು. ಅಂಗಡಿಯಲ್ಲೇ ಹತ್ತಿಯ ಹಾಗೆ ಮೆತ್ತಗಿರುವುದು ಸಂಜೆಯ ಹೊತ್ತಿಗೆ ಜೋತು ಬೀಳುತ್ತದೆ ಅಂದರು ಅವರು. ಮೇಲಿನ ಪಟ್ಟಿ ಸಡಿಲವಾಗಿ ಕಾಲು ಮುಂದಕ್ಕೆ ಜಾರುತ್ತದೆ, ಜಾರಿದ ಕಾಲು ಹೆಬ್ಬೆರಳಿನ ಕುಣಿಕೆಗೆ ಹೋಗಿ ಗುದ್ದುತ್ತದೆ, ಗುಳ್ಳೆ ಏಳುವುದು ಹಾಗೆ. ನನಗೆ ತಟ್ಟನೆ ಹೊಳೆಯಿತು. ಹಳೆಯ ಜೋಡಿ ಕಚ್ಚಿದ್ದು ಗಟ್ಟಿಯಾಗಿದ್ದಕ್ಕಲ್ಲ, ದೊಡ್ಡದಾಗಿದ್ದಕ್ಕೆ.

ಅಲ್ಲಿಂದ ಅಳತೆಯ ಮಾತು. ಮನೆಯಲ್ಲಿ ಒಂದು ಕೆಲಸ ಮಾಡಿಕೊಂಡು ಹೋಗಿದ್ದೆ. ಸಂಜೆ ಏಳರ ಹೊತ್ತಿಗೆ, ದಿನವಿಡೀ ಓಡಾಡಿದ ಕಾಲನ್ನು ಕಾಗದದ ಮೇಲಿಟ್ಟು ನಿಂತು, ತಮ್ಮನ ಕೈಲಿ ಪೆನ್ಸಿಲ್ ನೆಟ್ಟಗೆ ಹಿಡಿಸಿ ಸುತ್ತಲೂ ಗೆರೆ ಹಾಕಿಸಿದೆ. ಎಡಗಾಲು 26.1 ಸೆಂಟಿಮೀಟರ್, ಬಲಗಾಲು 26.6. ಬೆಳಿಗ್ಗೆ ಅಳೆದಾಗ ಎರಡೂ ಸ್ವಲ್ಪ ಕಡಿಮೆಯೇ ಇದ್ದವು. ನಿಂತು ನಿಂತು ಕಾಲು ಊದುತ್ತದೆ, ಮದುವೆ ದಿನವಂತೂ ಜಾಸ್ತಿ. ಬೂಟಿನ ಒಂದು ನಂಬರಿಗೂ ಇನ್ನೊಂದಕ್ಕೂ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಅಂದರೆ ನನ್ನ ಎರಡು ಕಾಲುಗಳ ನಡುವೆಯೇ ಅರ್ಧ ನಂಬರು ಇದೆ. ಇಲ್ಲಿಯವರೆಗೆ ಎಡಗಾಲಿಗೆ ಮಾತ್ರ ಹಾಕಿ ನೋಡಿ ಕೊಳ್ಳುತ್ತಿದ್ದವನು ನಾನು.

ಕಾಕಾ ಕಾಗದ ನೋಡಿದರು, ಆದರೆ ನಂಬಿದ್ದು ಕಾಲನ್ನೇ. ಬರಿ ಅಟ್ಟೆಯ ಮೇಲೆ ನಿಲ್ಲಿಸಿದರು, ಮೇಲಿನ ಪಟ್ಟಿ ಇನ್ನೂ ಹೊಲಿದಿರಲಿಲ್ಲ. ಉದ್ದಕ್ಕೆ ಬಲಗಾಲೇ ಲೆಕ್ಕ. ಹಿಂದೆ ಹಿಮ್ಮಡಿಗೂ ಅಟ್ಟೆಯ ತುದಿಗೂ ನಡುವೆ ಪೆನ್ಸಿಲ್ ದಪ್ಪದಷ್ಟು ಜಾಗ, ಮುಂದೆ ಬೆರಳ ತುದಿಗೆ ಅದಕ್ಕಿಂತ ಚೂರು ಜಾಸ್ತಿ. ಹಿಮ್ಮಡಿ ಹೊರಗೆ ಚಾಚಿದರೆ ಅಟ್ಟೆಯ ಅಂಚು ಇಡೀ ದಿನ ಅಲ್ಲೇ ಕೊರೆಯುತ್ತದೆ. ತೀರಾ ಉದ್ದವಾದರೆ ನಡೆಯುವಾಗ ಪಟಪಟ ಬಡಿಯುತ್ತದೆ, ಮೆಟ್ಟಿಲು ಹತ್ತುವಾಗ ಧೋತರದ ಅಂಚನ್ನು ತುಳಿಯುತ್ತದೆ. ಚರ್ಮ ಹಿಗ್ಗುತ್ತೆ ಅಂತ ಎಲ್ಲರೂ ಹೇಳುತ್ತಾರಲ್ವಾ, ಅದು ಮೇಲಿನ ಪಟ್ಟಿಗೆ ಮಾತ್ರ. ಅಟ್ಟೆ ಉದ್ದ ಆಗುವುದಿಲ್ಲ. ಉದ್ದದಲ್ಲಿ ಚಿಕ್ಕದನ್ನು ಕೊಂಡರೆ ಅದು ಚಿಕ್ಕದೇ.

ಅಗಲದ ವಿಷಯ ಉಲ್ಟಾ. ಪಟ್ಟಿಯನ್ನು ಅಟ್ಟೆಯ ಎರಡೂ ಬದಿಯಿಂದ ಎದ್ದ ಕಿವಿಗಳಿಗೆ ಹೊಲಿಯುತ್ತಾರೆ. ಹೊಲಿಯುವ ಮೊದಲು ಕಾಲ ಮೇಲೆ ಎಳೆದು ಹಿಡಿದು ಕಾಕಾ ನನ್ನ ಮುಖ ನೋಡಿದರು. ಬಿಗಿ ಆಯಿತು ಅಂದೆ. "ಎಷ್ಟ ಬಿಗಿ? ನೋವ ಆಗತೈತೇನು, ಬರೇ ಹಿಡದಂಗ ಆಗತೈತೇನು?" ಹಿಡಿದ ಹಾಗೆ ಅಂದೆ. ಅಷ್ಟೇ ಇರಲಿ ಅಂದರು. ಹತ್ತು ದಿನ ಹಾಕಿದರೆ ಅದು ತಾನೇ ಸರಿಯಾಗುತ್ತದೆ, ಈಗಲೇ ಸರಿಯಾಗಿದ್ದರೆ ಆಮೇಲೆ ಸಡಿಲವಾಗುತ್ತದೆ. ಎಡಗಾಲಿಗೆ ಪಟ್ಟಿಯನ್ನು ಸ್ವಲ್ಪ ಒಳಗೆ ಎಳೆದು ಹೊಲಿದರು. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ರೆಡಿಮೇಡ್ ಜೋಡಿಯಲ್ಲಿ ಸಿಗದ ಸುಖ ಇದು.

ನನಗೆ ಪಟ್ಟಿಯ ತುಂಬಾ ಜರಿ ಬೇಕಿತ್ತು. ಧೋತರದ ಅಂಚಿಗೆ ಹೊಂದಬೇಕು ಅಂತ ಆಸೆ. ಕಾಕೂ ಒಂದು ಜರಿ ಪಟ್ಟಿಯನ್ನು ತಿರುಗಿಸಿ ಒಳಗೆ ಬೆರಳು ಆಡಿಸಲು ಹೇಳಿದರು. ಒಳಗೆ ಗಂಟುಗಳು, ಜರಿಯ ಚೂಪು ತುದಿಗಳು. ಹೊರಗೆ ಹೊಳೆಯುವುದು ಒಳಗೆ ಉಜ್ಜುತ್ತದೆ! ಕೊನೆಗೆ ನಡುವಿನ ಜಡೆಯಲ್ಲಿ ಮಾತ್ರ ಎರಡು ಎಳೆ ಜರಿ, ಅದರ ಕೆಳಗೆ ನುಣುಪಾದ ತೆಳ್ಳನೆಯ ಚರ್ಮದ ಒಳಪದರ ಅಂತ ತೀರ್ಮಾನವಾಯಿತು. ತಂಗಿಗೂ ಒಂದು ಜೋಡಿ ಹೇಳಿದೆ, ಅವಳದ್ದೂ ಕಾಗದದ ಮೇಲಿನ ಗೆರೆ ತಂದಿದ್ದೆ. ಅವಳು ಗೊಂಡೆ ಇರುವುದೇ ಬೇಕು ಅಂದಿದ್ದಳು. ಗೊಂಡೆಗೆ ಚಮಕಿ, ತಂತಿ ಬೇಡ, ಬರೀ ರೇಷ್ಮೆ ನೂಲು ಇರಲಿ ಅಂದೆ. ಇಳಕಲ್ ಸೀರೆಯ ನೆರಿಗೆಗೆ ತಂತಿ ಸಿಕ್ಕಿಕೊಂಡರೆ ಎಳೆ ಕಿತ್ತು ಬರುತ್ತದೆ.

ಬಣ್ಣದ್ದು ಒಂದು ಮಾತು. ಕೆಂಪುಗಂದು ಬಣ್ಣದ ಜೋಡಿ ಕಣ್ಣಿಗೆ ಹೊಡೆಯುವ ಹಾಗಿತ್ತು. ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಉಜ್ಜಿ ನೋಡಿದೆ, ತುದಿಗೆ ಗುಲಾಬಿ ಕಲೆ ಬಂತು. ಬೆವರಿಗೂ ಹೀಗೇ ಬಿಡುತ್ತದೆ, ಕಾಲಿಗೂ ಧೋತರಕ್ಕೂ. ಸುಮ್ನೆ ರಿಸ್ಕ್ ಯಾಕೆ ಅಂತ ಬಣ್ಣ ಹಾಕದ, ಚರ್ಮದ್ದೇ ಬಣ್ಣದ ಜೋಡಿ ತೆಗೆದುಕೊಂಡೆ. ನನ್ನದಕ್ಕೆ 1,600 ರೂಪಾಯಿ. ಚೌಕಾಸಿ ಮಾಡಲಿಲ್ಲ. ಆ ಹೊಲಿಗೆ ಹಾಕುವುದನ್ನು ಎರಡು ಗಂಟೆ ಕೂತು ನೋಡಿದ ಮೇಲೆ ಬಾಯಿ ಬರಲಿಲ್ಲ.

ಹೊರಡುವಾಗ ಕಾಕಾ, "ದಿನಾ ಸ್ವಲ್ಪ ಸ್ವಲ್ಪ ಹಾಕ್ಕೋರಿ. ನೀರಾಗ ನೆನಸಬ್ಯಾಡ್ರಿ" ಅಂದರು. ನೀರಲ್ಲಿ ನೆನೆಸಿ ಹಾಕಿಕೊಂಡರೆ ಬೇಗ ಮೆತ್ತಗಾಗುತ್ತದೆ ಅಂತ ನಮ್ಮ ಮನೆಯಲ್ಲೂ ಒಬ್ಬರು ಹೇಳಿದ್ದರು. ಈ ಚರ್ಮ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಸೆಟೆಯುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಅದನ್ನು ಮೆತ್ತಗೆ ಮಾಡುವುದು ಕಾಲಿನ ಬಿಸಿ ಮತ್ತು ಸ್ವಲ್ಪ ಎಣ್ಣೆ.

ಮೊದಲ ದಿನ ಮನೆಯೊಳಗೇ ಅರ್ಧ ಗಂಟೆ. ಬೀಸುವ ಕಲ್ಲಿನ ಮೇಲೆ ನಿಂತ ಹಾಗಿತ್ತು. ಎರಡನೇ ದಿನ ಒಂದು ಗಂಟೆ. ನಾಲ್ಕನೇ ದಿನ ಹೆಬ್ಬೆರಳಿನ ಕುಣಿಕೆ ಕಚ್ಚಲು ಶುರು ಮಾಡಿತು, ಚರ್ಮ ಕೆಂಪಾಯಿತು. ಅಲ್ಲಿಗೇ ನಿಲ್ಲಿಸಿದೆ. ಕೆಂಪಾದ ಮೇಲೂ ಹಟ ಮಾಡಿ ಹಾಕಿದರೆ ಮರುದಿನ ಗುಳ್ಳೆ, ಆಮೇಲೆ ಒಂದು ವಾರ ರಜೆ. ಕುಣಿಕೆಯ ಒಳಬದಿಗೆ ಬೆರಳ ತುದಿಯಿಂದ ಔಡಲೆಣ್ಣೆ ಸವರಿ, ಹೆಬ್ಬೆರಳಿಗಿಂತ ಚೂರು ದಪ್ಪನೆಯ ಮರದ ತುಂಡನ್ನು ತೂರಿಸಿ ರಾತ್ರಿ ಬಿಟ್ಟೆ. ಲಟ್ಟಣಿಗೆಯ ಹಿಡಿ ಸರಿಯಾಗಿ ಹಿಡಿಸಿತು. ಅವ್ವ ನೋಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಎರಡು ರಾತ್ರಿಗೆ ಕುಣಿಕೆ ಒಪ್ಪಿಕೊಂಡಿತು.

ಎಣ್ಣೆಯ ಕೆಲಸ ಚೆನ್ನಾಗಿ ಆಯಿತು ಅಂತ ಉತ್ಸಾಹ ಬಂದು ತಪ್ಪು ಮಾಡಿದೆ. ಪಟ್ಟಿಗೆ ಹಚ್ಚಿದ್ದು ಸರಿ, ಪಾದ ಇಡುವ ಜಾಗಕ್ಕೂ ಧಾರಾಳವಾಗಿ ಬಳಿದೆ. ಒಂದು, ಬಣ್ಣ ಗಾಢವಾಯಿತು, ಅದು ಮತ್ತೆ ತಿಳಿಯಾಗಲಿಲ್ಲ. ಎರಡು, ಕಾಲು ಒಳಗೇ ಜಾರತೊಡಗಿತು. ಮೂರನೆಯದು ಗೊತ್ತಾಗಿದ್ದು ಧೋತರ ಉಟ್ಟು ನೋಡಿದ ದಿನ. ಹಿಮ್ಮಡಿಯ ಹತ್ತಿರ ಅಂಚಿಗೆ ಎಣ್ಣೆಯ ಕಂದು ಕಲೆ. ಅದು ಹಳೆಯ ಧೋತರವಾಗಿದ್ದರಿಂದ ಬಚಾವಾದೆ. ಟಾಲ್ಕಂ ಪೌಡರನ್ನು ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಷ್‌ನಿಂದ ಕೊಡವಿದೆ. ಮೂರು ಸಲ ಹೀಗೆ ಮಾಡಿದ ಮೇಲೆ ಬಿಳಿ ಬಟ್ಟೆ ಒತ್ತಿದರೂ ಕಲೆ ಬರಲಿಲ್ಲ. ಎಣ್ಣೆ ಬೇಕಿರುವುದು ಪಟ್ಟಿಗೆ ಮತ್ತು ಕುಣಿಕೆಗೆ, ಅದೂ ಕೈಗೆ ಹಚ್ಚಿಕೊಂಡು ಸವರುವಷ್ಟು. ಮೊದಲು ಕಾಣದ ಜಾಗದಲ್ಲಿ ಒಂದು ಚುಕ್ಕೆ ಹಚ್ಚಿ ಬಣ್ಣ ಎಷ್ಟು ಬದಲಾಗುತ್ತದೆ ಅಂತ ನೋಡಬೇಕಿತ್ತು. ನೋಡಲಿಲ್ಲ.

ಧೋತರ ಉಟ್ಟು ನೋಡಿದ್ದರಿಂದ ಇನ್ನೊಂದು ಲಾಭವಾಯಿತು. ಚಪ್ಪಲಿಯ ಹಿಮ್ಮಡಿ ಅರ್ಧ ಇಂಚಿಗಿಂತ ಸ್ವಲ್ಪ ಎತ್ತರ. ಬರಿಗಾಲಲ್ಲಿ ಉಟ್ಟರೆ ಚಪ್ಪಲಿ ಹಾಕಿದಾಗ ಅಂಚು ಮೇಲೇರುತ್ತದೆ. ಚಪ್ಪಲಿ ಹಾಕಿಕೊಂಡು ಉಟ್ಟರೆ, ಮಂಟಪಕ್ಕೆ ಬಿಟ್ಟು ಹತ್ತುವಾಗ ಅಂಚು ನೆಲ ಗುಡಿಸುತ್ತದೆ. ಎರಡಕ್ಕೂ ನಡುವೆ ಒಂದು ಎತ್ತರ ಹುಡುಕಿಕೊಂಡೆ. ತಂಗಿಗೂ ಸೀರೆ ಉಡಿಸುವವರಿಗೆ ಮೊದಲೇ ಹೇಳಿಡು ಅಂದೆ.

ಹನ್ನೆರಡನೇ ದಿನದ ಹೊತ್ತಿಗೆ ಎರಡು ಗಂಟೆ ಆರಾಮಾಗಿ ಹಾಕುತ್ತಿದ್ದೆ. ಅಟ್ಟೆಯ ಮೇಲೆ ಬೆರಳುಗಳ ಐದು ಗುಳಿ ಮಸುಕಾಗಿ ಮೂಡಿದ್ದವು. ಪಟ್ಟಿ ಕಾಕಾ ಹೇಳಿದ ಹಾಗೆ ತಾನೇ ಸರಿಯಾಗಿತ್ತು. ಆಗ ಒಂದು ಸಂಜೆ ಕಲ್ಯಾಣ ಮಂಟಪ ನೋಡಲು ಹೋದಾಗ ಹಾಕಿಕೊಂಡು ಹೋದೆ. ಹೊಳೆಯುವ ಗ್ರಾನೈಟ್ ನೆಲ. ಎರಡನೇ ಹೆಜ್ಜೆಗೇ ಸರ್ರನೆ ಜಾರಿತು, ಮಾವ ಹಿಡಿದುಕೊಂಡರು. ಚರ್ಮದ ಅಟ್ಟೆ ಮಣ್ಣಿನ ನೆಲಕ್ಕೆ, ಕಲ್ಲು ಚಪ್ಪಡಿಗೆ ಹೇಳಿ ಮಾಡಿಸಿದ್ದು. ಪಾಲಿಶ್ ನೆಲಕ್ಕೆ ಅಲ್ಲ, ಅದರಲ್ಲೂ ಒದ್ದೆಯಾದರೆ ದೇವರೇ ಗತಿ.

ಮರುದಿನ ನಮ್ಮ ಓಣಿಯ ಮೂಲೆಯಲ್ಲಿ ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ತಳಕ್ಕೆ ರಬ್ಬರ್ ಹಚ್ಚಿಸಿದೆ. ಎರಡು ಮಿಲಿಮೀಟರ್ ಹಾಳೆ, ಮುಂಗಾಲಿಗೆ ಒಂದು ತುಂಡು, ಹಿಮ್ಮಡಿಗೆ ಒಂದು. ನಡುವೆ ಬಿಟ್ಟಿದ್ದಕ್ಕೆ ಬಗ್ಗುವುದು ಅಷ್ಟಾಗಿ ಕಡಿಮೆಯಾಗಲಿಲ್ಲ. ಹನ್ನೆರಡು ದಿನ ಹಾಕಿ ತಳ ಒರಟಾಗಿದ್ದರಿಂದ ಅಂಟೂ ಚೆನ್ನಾಗಿ ಹಿಡಿಯಿತು. ಅವರು ಅಂಚಿನಲ್ಲಿ ನಾಲ್ಕು ಕಡೆ ಹೊಲಿಗೆಯನ್ನೂ ಹಾಕಿಕೊಟ್ಟರು. ತಳ ನೋಡಿದರೆ ಚೆಂದ ಕಾಣುವುದಿಲ್ಲ, ಒಪ್ಪುತ್ತೇನೆ. ಆದರೆ ಮದುವೆಯಲ್ಲಿ ನನ್ನ ಚಪ್ಪಲಿಯ ತಳ ನೋಡುವವರು ಯಾರು? ಬಿದ್ದರೆ ಮಾತ್ರ ನೋಡುತ್ತಾರೆ.

ಮದುವೆ ದಿನ ಬೆಳಿಗ್ಗೆ ಐದಕ್ಕೆ ಹಾಕಿದೆ. ಹನ್ನೊಂದರವರೆಗೆ ಕಾಲಿನ ನೆನಪೇ ಬರಲಿಲ್ಲ. ಅಕ್ಷತೆ 12:35ಕ್ಕೆ. ಮಂಟಪಕ್ಕೆ ಹತ್ತಿ ಇಳಿಯುವಾಗೆಲ್ಲಾ ಬಿಟ್ಟು ಹಾಕುವುದು, ಬಿಟ್ಟು ಹಾಕುವುದು. ಬಕಲ್ ಇಲ್ಲದ್ದಕ್ಕೆ ಬಗ್ಗುವ ಗೋಜಿಲ್ಲ. ಊಟದ ಹಾಲ್‌ನಲ್ಲಿ ಸಾರು ಚೆಲ್ಲಿದ ಜಾಗದಲ್ಲಿ ಇಬ್ಬರು ಜಾರಿದರು, ನಾನು ಜಾರಲಿಲ್ಲ. ನಾಲ್ಕರ ಮೇಲೆ ಹಿಮ್ಮಡಿ ನೋಯತೊಡಗಿತು. ಕಚ್ಚಿದ್ದಲ್ಲ, ಗಟ್ಟಿ ಅಟ್ಟೆಯ ಮೇಲೆ ಹನ್ನೊಂದು ಗಂಟೆ ನಿಂತ ನೋವು. ಈ ಚಪ್ಪಲಿಗೆ ಪಾದದ ನಡುವಿನ ಗುಳಿಗೆ ಆಸರೆ ಇಲ್ಲ, ಮೆತ್ತನೆಯ ತಳವೂ ಇಲ್ಲ. ಒಳಗೆ ತೆಳ್ಳಗೆ ಸ್ಪಂಜು ಹಾಕಿ ಕೊಡಲೇನು ಅಂತ ಕಾಕಾ ಕೇಳಿದ್ದರು, ಅಸಲಿ ರೂಪವೇ ಇರಲಿ ಅಂತ ಬೇಡ ಅಂದಿದ್ದೆ. ಹಿಮ್ಮಡಿ ನೋವಿನವರು ಹಾಕಿಸಿಕೊಳ್ಳುವುದೇ ಒಳ್ಳೆಯದು. ನಾನು ಕಾರಿನಲ್ಲಿಟ್ಟಿದ್ದ ಬೂಟು ಹಾಕಿಕೊಂಡು ಒಂದು ತಾಸು ತಿರುಗಿ, ರಿಸೆಪ್ಶನ್ನಿಗೆ ಮತ್ತೆ ಇದನ್ನೇ ಹಾಕಿದೆ. ಆ ಒಂದು ತಾಸಿನಲ್ಲಿ ಯಾರೂ ಫೋಟೋ ತೆಗೆಯಲಿಲ್ಲ ಅಂದುಕೊಂಡಿದ್ದೇನೆ.

ಅನಾಹುತ ಆಗಿದ್ದು ರಾತ್ರಿ. ಬೀಗರನ್ನು ಕಳಿಸುವ ಮೊದಲು ದೇವರ ಕೋಣೆಗೆ ಹೋಗಲು ಬಾಗಿಲ ಹೊರಗೆ ಬಿಟ್ಟಿದ್ದೆ. ಅಷ್ಟರಲ್ಲಿ ಯಾರೋ ಅಂಗಳಕ್ಕೆ ಬಕೆಟ್‌ಗಟ್ಟಲೆ ನೀರು ಸುರಿದು ತೊಳೆದುಬಿಟ್ಟರು. ಎಡಗಾಲಿನದು ಪೂರ್ತಿ ನೆನೆದಿತ್ತು. ಬಟ್ಟೆಯಿಂದ ಒತ್ತಿ ಒರೆಸಿ, ಪಟ್ಟಿಯ ಒಳಗೆ ಪೇಪರು ತುರುಕಿ, ಮಗ್ಗುಲಾಗಿಸಿ ಫ್ಯಾನಿನ ಕೆಳಗಿಟ್ಟೆ. ಬೆಳಿಗ್ಗೆ ಅವ್ವ ಬಿಸಿಲಿಗೆ ಇಡಲು ಎತ್ತಿಕೊಂಡಿದ್ದಳು, ಓಡಿ ಹೋಗಿ ಕಸಿದುಕೊಂಡೆ. ಬಿಸಿಲಿಗೆ ಇಟ್ಟರೆ ಅಟ್ಟೆ ದೋಣಿಯ ಹಾಗೆ ಡೊಂಕಾಗುತ್ತದೆ. ಮೂರು ದಿನ ನೆರಳಲ್ಲೇ ಒಣಗಿತು.

ಆಕಾರ ಕೆಡಲಿಲ್ಲ. ಹಿಮ್ಮಡಿಯ ಹತ್ತಿರ ಎರಡು ಹೊಲಿಗೆ ಮಾತ್ರ ಸಡಿಲವಾಗಿವೆ, ಮೂಲೆಯವರ ಹತ್ತಿರ ಹಾಕಿಸಬೇಕು. ಅಪ್ಪ ನಿನ್ನೆ ಬಲಗಾಲಿನದನ್ನು ಸುಮ್ನೆ ಹಾಕಿ ನೋಡಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು, "ನನಗ ಒಂದ ನಂಬರ ಸಣ್ಣ ಆಗತಾವು. ಅಥಣಿಗೆ ಮತ್ತ ಯಾವಾಗ ಹೊಂಟಿ?" ಅಂತ ಕೇಳಿದರು.